ತಲೆಸುತ್ತಿನ ಮಾತ್ರೆ: ನುಂಗುವ ಮೊದಲು ಏನು ನೋಡಬೇಕು, ಯಾವಾಗ ನಿಲ್ಲಿಸಬೇಕು

ಮೆಡಿಕಲ್ ಶಾಪ್‌ನ ಕೌಂಟರ್‌ನ ಹಿಂದೆ ಇಪ್ಪತ್ತು ವರ್ಷಗಳಿಂದ ನಿಂತಿರುವ ನನಗೆ ತಲೆಸುತ್ತಿನ ಮಾತ್ರೆಯಷ್ಟು ತಪ್ಪಾಗಿ ಬಳಕೆಯಾಗುವ ಮಾತ್ರೆ ಬೇರೆ ಕಂಡಿಲ್ಲ. ಮಾತ್ರೆ ಕೆಟ್ಟದ್ದೇನಲ್ಲ. ಎರಡು ಮೂರು ದಿನಕ್ಕೆಂದು ವೈದ್ಯರು ಬರೆದುಕೊಟ್ಟದ್ದನ್ನು ಹಳೆಯ ಖಾಲಿ ಸ್ಟ್ರಿಪ್ ತೋರಿಸಿ ತಿಂಗಳುಗಟ್ಟಲೆ ಕೊಳ್ಳುವುದೇ ತಪ್ಪು.

ಮೊದಲು ನಿಮಗೆ ಆಗುತ್ತಿರುವುದು ಏನೆಂದು ಸರಿಯಾಗಿ ಹೇಳಿಕೊಳ್ಳಿ. ಕೋಣೆಯೇ ಗಿರಗಿರನೆ ತಿರುಗಿದಂತೆ ಕಂಡರೆ ಅದು ಸಾಮಾನ್ಯವಾಗಿ ಒಳಕಿವಿಯ ಸಮತೋಲನ ವ್ಯವಸ್ಥೆಗೆ ಸಂಬಂಧಿಸಿದ್ದು. ಕುಳಿತಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ ಅದು ಹೆಚ್ಚಾಗಿ ರಕ್ತದೊತ್ತಡ ಇಳಿದದ್ದು. ಬಿಪಿ ಮಾತ್ರೆ ಹೆಚ್ಚಾಗಿರಬಹುದು, ನೀರು ಕಡಿಮೆಯಾಗಿರಬಹುದು. ಸಕ್ಕರೆ ಕಾಯಿಲೆಯವರು ಬೆವರಿ ನಡುಗಿ ತಲೆ ಹಗುರಾದರೆ ಮೊದಲು ಗ್ಲುಕೋಮೀಟರ್ ಹಿಡಿಯಬೇಕು. 70ಕ್ಕಿಂತ ಕಡಿಮೆ ಬಂದರೆ ತಕ್ಷಣ ಸಕ್ಕರೆ ತಿನ್ನಬೇಕು. ಈ ಕೊನೆಯ ಎರಡಕ್ಕೂ ತಲೆಸುತ್ತಿನ ಮಾತ್ರೆ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದಾಗಿ, ಮಾತ್ರೆ ಮುಟ್ಟಲೇಬಾರದ ತಲೆಸುತ್ತನ್ನು ಗುರುತಿಸಬೇಕು. ಹಠಾತ್ತನೆ ಶುರುವಾದ ಸುತ್ತಿನ ಜೊತೆಗೆ ಮಾತು ತೊದಲಿದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಮುಖದ ಒಂದು ಬದಿ ಜೋತರೆ, ಕೈಕಾಲು ಸೋತರೆ ಅಥವಾ ಜೋಮು ಹಿಡಿದರೆ, ನುಂಗಲು ಕಷ್ಟವಾದರೆ, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕುತ್ತಿಗೆ ನೋವು ಬಂದರೆ ಅದು ಪಾರ್ಶ್ವವಾಯು ಇರಬಹುದು. ಇವುಗಳಲ್ಲಿ ಒಂದೂ ಇಲ್ಲದೆ, ಆಧಾರವಿಲ್ಲದೆ ನಿಲ್ಲಲು ಅಥವಾ ಕೂರಲು ಆಗದೆ ಒಂದೇ ಕಡೆಗೆ ವಾಲುವುದೂ ಅಷ್ಟೇ ಗಂಭೀರ. ಮಿದುಳಿನ ಹಿಂಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಾಗ ಕೈಕಾಲಿನ ಬಲ ಪೂರ್ತಿ ಇದ್ದು, ಸಮತೋಲನ ಮಾತ್ರ ಹೋಗಿರಬಹುದು. ಮನೆಯವರು ಇದನ್ನು ‘ಪಿತ್ತ ಜಾಸ್ತಿಯಾಗಿದೆ’ ಎಂದು ಮಲಗಿಸಿ, ಒಂದು ಮಾತ್ರೆ ಕೊಟ್ಟು ಕಾಯುತ್ತಾರೆ. ಮಾತ್ರೆಯ ಮಂಪರಿಗೂ ಮಿದುಳಿನ ಮಂಪರಿಗೂ ವ್ಯತ್ಯಾಸ ತಿಳಿಯದೆ ಗಂಟೆಗಳು ಕಳೆಯುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಗಡಿಯಾರ ನೋಡಿ ಬರೆದುಕೊಂಡು 108ಕ್ಕೆ ಕರೆ ಮಾಡಿ. ನೀರನ್ನೂ ಕುಡಿಸಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ, ತಲೆಗೆ ಪೆಟ್ಟು ಬಿದ್ದ ಮೇಲೆ ಸುತ್ತಿದರೂ, ಎದೆನೋವು ಅಥವಾ ಎಚ್ಚರ ತಪ್ಪುವುದು ಜೊತೆಗಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇವು ಯಾವುವೂ ಇಲ್ಲವೆಂದು ನೋಡಿ ವೈದ್ಯರು ಮಾತ್ರೆ ಬರೆದರೆ, ಬರೆದದ್ದು ಯಾವುದೆಂದು ಓದಿಕೊಳ್ಳಿ. ಸಿನ್ನಾರಿಜಿನ್ ಸಾಮಾನ್ಯವಾಗಿ 25 ಮಿಲಿಗ್ರಾಂ ಮಾತ್ರೆ. ಒಳಕಿವಿಯಿಂದ ಮಿದುಳಿಗೆ ಹೋಗುವ ಗೊಂದಲದ ಸಂಕೇತವನ್ನು ಅದು ತಗ್ಗಿಸುತ್ತದೆ, ಜೊತೆಗೆ ನಿದ್ದೆ ತರುತ್ತದೆ. ಬೀಟಾಹಿಸ್ಟಿನ್ 8, 16, 24 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಅಷ್ಟಾಗಿ ನಿದ್ದೆ ತರುವುದಿಲ್ಲ, ಆದರೆ ಹೊಟ್ಟೆ ಉರಿಸುತ್ತದೆ, ಆದ್ದರಿಂದ ಊಟದ ನಂತರವೇ ತೆಗೆದುಕೊಳ್ಳಬೇಕು. ಆಸ್ತಮಾ ಅಥವಾ ಹೊಟ್ಟೆ ಹುಣ್ಣು ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇವೆರಡನ್ನೂ ‘ಬೇಗ ಗುಣವಾಗಲಿ’ ಎಂದು ನೀವೇ ಒಟ್ಟಿಗೆ ನುಂಗಬೇಡಿ. ಒಂದು ದೇಹದಲ್ಲಿರುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವಂಥದ್ದು, ಇನ್ನೊಂದು ಹಿಸ್ಟಮಿನ್ನನ್ನೇ ಹೋಲುವಂಥದ್ದು. ಎರಡು ಮೂರು ಔಷಧಿಗಳನ್ನು ಬೆರೆಸಿದ ಮಾತ್ರೆಗಳೂ ಬಂದಿವೆ. ಅವುಗಳಲ್ಲಿ ಯಾವುದರಿಂದ ಏನಾಯಿತೆಂದು ಆಮೇಲೆ ಹೇಳಲಾಗದು ಎಂಬ ಕಾರಣಕ್ಕೆ ನನಗೆ ಅವು ಹಿಡಿಸುವುದಿಲ್ಲ.

ಸಿನ್ನಾರಿಜಿನ್ ತೆಗೆದುಕೊಂಡ ದಿನ ಸ್ಕೂಟರ್ ಏರಬೇಡಿ, ಮದ್ಯ ಮುಟ್ಟಬೇಡಿ. ನೆಗಡಿಗೋ ಅಲರ್ಜಿಗೋ ತೆಗೆದುಕೊಳ್ಳುವ ಮಾತ್ರೆಯೂ ಜೊತೆಗಿದ್ದರೆ ಮಂಪರು ಹೆಚ್ಚುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿಕೊಂಡು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಬೇಕು.

ಇನ್ನು ಎಲ್ಲರೂ ಎಡವುವ ಹಂತ, ಅಂದರೆ ನಿಲ್ಲಿಸುವುದು. ಒಳಕಿವಿಯ ನರ ಊದಿಕೊಂಡು ಎರಡು ಮೂರು ದಿನ ಎಡೆಬಿಡದೆ ಸುತ್ತು, ವಾಂತಿ ಇದ್ದಾಗ ಸಿನ್ನಾರಿಜಿನ್‌ನಂಥ ಮಾತ್ರೆ ನಿಜಕ್ಕೂ ನೆರವಾಗುತ್ತದೆ. ಆದರೆ ಒಂದು ಕಿವಿಯ ಸಂಕೇತ ಕುಂದಿದೆ ಎಂಬುದನ್ನು ಮಿದುಳು ಗ್ರಹಿಸಿ, ಉಳಿದ ಕಿವಿ, ಕಣ್ಣು ಮತ್ತು ಪಾದಗಳನ್ನು ನಂಬಿ ಹೊಸದಾಗಿ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ಅದಕ್ಕೆ ಆ ಏರುಪೇರು ಸ್ವಲ್ಪವಾದರೂ ಅನುಭವಕ್ಕೆ ಬರಲೇಬೇಕು. ಮಾತ್ರೆ ಮುಂದುವರಿಸಿದರೆ ಅದು ಮುಚ್ಚಿಹೋಗಿ ಚೇತರಿಕೆ ತಡವಾಗುತ್ತದೆ. ಹಾಗಾಗಿ ವಾಂತಿ ನಿಂತ ಮೇಲೆ, ಸಾಮಾನ್ಯವಾಗಿ ಮೂರನೇ ದಿನದ ಹೊತ್ತಿಗೆ, ವೈದ್ಯರನ್ನು ಕೇಳಿ ಮಾತ್ರೆ ಬಿಟ್ಟು, ಗೋಡೆ ಹಿಡಿದಾದರೂ ಮನೆಯೊಳಗೆ ಓಡಾಡಬೇಕು. ಮೊದಲ ದಿನಗಳಲ್ಲಿ ತೇಲಾಡಿದಂತಾಗುತ್ತದೆ. ದಿನದಿಂದ ದಿನಕ್ಕೆ ಅದು ಕಡಿಮೆಯಾಗುತ್ತಿದ್ದರೆ ಮಾತ್ರೆಗೆ ಮರಳಬೇಕಿಲ್ಲ. ಮೆನಿಯೇರ್ ಎಂಬ ಒಳಕಿವಿಯ ಕಾಯಿಲೆಗೆಂದು ತಜ್ಞರು ಬೀಟಾಹಿಸ್ಟಿನ್ ತಿಂಗಳುಗಟ್ಟಲೆ ಬರೆದಿದ್ದರೆ ಅದರ ಲೆಕ್ಕ ಬೇರೆ. ಅದನ್ನು ಈ ಲೇಖನ ಓದಿ ಬಿಡಬೇಡಿ.

ನನ್ನ ಸೋದರತ್ತೆ ಈ ಹಂತದಲ್ಲಿಯೇ ಎಡವಿದರು. ಅವರಿಗೆ ಅರವತ್ತೆಂಟು. ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಅರ್ಧ ನಿಮಿಷ ಮನೆ ತಿರುಗುತ್ತಿತ್ತು. ತಮ್ಮ ಊರಿನ ಅಂಗಡಿಯಲ್ಲಿ ಸಿನ್ನಾರಿಜಿನ್ ಕೊಂಡು, ದಿನಕ್ಕೆ ಮೂರರಂತೆ ಎಂಟು ತಿಂಗಳು ನುಂಗಿದ್ದರು. ಹಬ್ಬಕ್ಕೆ ಹೋದಾಗ ಹೊಸಿಲ ಮುಂದಿನ ರಂಗೋಲಿಯ ಎಳೆ ಅಲೆಅಲೆಯಾಗಿತ್ತು, ಹಿಟ್ಟು ಹಿಡಿದ ಬೆರಳು ನಡುಗುತ್ತಿತ್ತು. ಹೆಜ್ಜೆ ಗಿಡ್ಡವಾಗಿ ಕಾಲೆಳೆದು ನಡೆಯುತ್ತಿದ್ದರು, ಮುಖದಲ್ಲಿ ನಗು ಮೂಡಲು ತಡವಾಗುತ್ತಿತ್ತು. ಮನೆಯವರು ಪಾರ್ಕಿನ್ಸನ್ ಎಂದು ಹೆದರಿದ್ದರು. ‘ಅತ್ತೆ, ಇದನ್ನು ಯಾಕೆ ಇನ್ನೂ ತಗೊಳ್ತಿದ್ದೀರಿ?’ ಎಂದರೆ, ‘ಬಿಟ್ಟರೆ ಮತ್ತೆ ಸುತ್ತುತ್ತದಲ್ಲೋ’ ಎಂದರು.

ಮಿದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಸಿನ್ನಾರಿಜಿನ್ ಅಡ್ಡಬರುವುದರಿಂದ, ದೀರ್ಘಕಾಲ ಸೇವಿಸಿದ ಹಿರಿಯರಲ್ಲಿ ಇಂಥ ನಡುಕ ಮತ್ತು ಬಿಗಿತ ಕಾಣಿಸಿಕೊಳ್ಳಬಹುದು, ಕೆಲವರಲ್ಲಿ ಖಿನ್ನತೆಯೂ ಬರುತ್ತದೆ. ಅತ್ತೆಗೆ ಇದ್ದದ್ದು ಒಳಕಿವಿಯ ಸೂಕ್ಷ್ಮ ಹರಳುಗಳು ತಮ್ಮ ಜಾಗ ಬಿಟ್ಟು ಅರೆವೃತ್ತ ನಾಳಕ್ಕೆ ಜಾರಿದ ತೊಂದರೆ. ಅರ್ಧ ನಿಮಿಷದ ಆ ಸುತ್ತಿಗೆ ಮಾತ್ರೆ ಹೊಟ್ಟೆಯಲ್ಲಿ ಕರಗಿ ರಕ್ತ ಸೇರುವ ಮೊದಲೇ ಸುತ್ತು ಮುಗಿದಿರುತ್ತದೆ. ಕಿವಿ-ಮೂಗು-ಗಂಟಲು ತಜ್ಞರು ಮಂಚದ ಮೇಲೆ ಕುತ್ತಿಗೆ ಹೊರಳಿಸಿ ಮಲಗಿಸಿ ಕಣ್ಣುಗುಡ್ಡೆ ಅದುರುವುದನ್ನು ನೋಡಿದರು, ಅಲ್ಲಿಯೇ ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳುಗಳನ್ನು ಹಿಂದಕ್ಕೆ ಸಾಗಿಸಿದರು. ಹದಿನೈದು ನಿಮಿಷದ ಕೆಲಸ. ವಾರದ ಬಳಿಕ ಇನ್ನೊಮ್ಮೆ ಮಾಡಿದ ಮೇಲೆ ಸುತ್ತು ನಿಂತಿತು. ವಿಡಿಯೋ ನೋಡಿ ಮನೆಯಲ್ಲೇ ಇದನ್ನು ಮಾಡುವವರಿದ್ದಾರೆ; ಯಾವ ಕಿವಿಯೆಂದು ತಜ್ಞರು ಹೇಳದೆ, ಕುತ್ತಿಗೆ ಸವೆತ ಇರುವವರಂತೂ, ಅದಕ್ಕೆ ಕೈಹಾಕಬಾರದು.

ವೈದ್ಯರ ಮಾತಿನಂತೆ ಮಾತ್ರೆ ಬಿಟ್ಟ ಮೇಲೆ ನಡುಕ ಇಳಿಯಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಅಡುಗೆಮನೆಯ ಡಬ್ಬಿಯಲ್ಲಿ ಉಳಿದಿದ್ದ ಎರಡು ಸ್ಟ್ರಿಪ್‌ಗಳನ್ನು ನಾನೇ ಎತ್ತಿಕೊಂಡು ಬಂದೆ.