ಗದ್ದಕ್ಕೆ ಹೊಲಿಗೆ ಬಿದ್ದಿತ್ತು, ಮುರಿದದ್ದು ದವಡೆ

ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದವರು ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಬರುತ್ತಲೇ ಇರುತ್ತಾರೆ. ಗದ್ದದ ಮೇಲೆ ಹೊಲಿಗೆ ಕಂಡರೆ ನನ್ನ ಬೆರಳು ಮೊದಲು ಕಿವಿಯ ಮುಂದಕ್ಕೆ ಹೋಗುತ್ತದೆ. ಕೆಳದವಡೆ ಬಿಲ್ಲಿನ ಹಾಗೆ ಬಾಗಿದ ಮೂಳೆ. ಗದ್ದಕ್ಕೆ ಬಿದ್ದ ಪೆಟ್ಟಿಗೆ ಅದು ದೂರದ, ಕಿವಿಯ ಮುಂದಿನ ಕೀಲಿನ ಹತ್ತಿರವೂ ಮುರಿಯಬಹುದು.

ಹೀಗೆ ಬಿದ್ದ ಒಬ್ಬ ಹುಡುಗ ಬಂದದ್ದು ಮೂರನೇ ದಿನ. ಬಿದ್ದ ದಿನ ಬೇರೆಲ್ಲೋ ಹೊಲಿಗೆ ಹಾಕಿ, ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. "ನೋವು ಅಡ್ಡಿಲ್ಲ ಡಾಕ್ಟ್ರೇ, ಹಲ್ಲು ಮಾತ್ರ ಮೊದಲಿನ ಹಾಗೆ ಕೂರ್ತಿಲ್ಲ" ಎಂದ. ಈ ಮಾತು ಕೇಳಿದ ಮೇಲೆ ಮುರಿತ ಇಲ್ಲ ಅಂತ ಗೊತ್ತಾಗುವವರೆಗೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ. ನಾಲಿಗೆ ಎತ್ತಿಸಿದೆ, ಅಡಿಯಲ್ಲಿ ನೀಲಿಯಾಗಿ ರಕ್ತ ಕಟ್ಟಿತ್ತು. ಎಡ ಕೋರೆಹಲ್ಲಿನ ಪಕ್ಕ ಹಲ್ಲಿನ ಸಾಲು ಮೆಟ್ಟಿಲಿನ ಹಾಗೆ ತಗ್ಗಿತ್ತು. ಕೆಳತುಟಿಯ ಎಡಭಾಗ ಜೋಮು, ಯಾಕೆಂದರೆ ತುಟಿಯ ನರ ಆ ಮೂಳೆಯ ಒಳಗಿಂದಲೇ ಬರುತ್ತದೆ. ಬಾಯಿ ತೆರೆಸಿದರೆ ಗದ್ದ ಬಲಕ್ಕೆ ವಾಲಿತು. ಅಂದರೆ ಬಲಗಡೆಯ ಕೀಲಿನ ಕತ್ತೂ ಮುರಿದಿದೆ. ಎಕ್ಸ್-ರೇಯಲ್ಲಿ ಎರಡೂ ಕಂಡವು.

ಆಪರೇಷನ್‌ನಲ್ಲಿ ಮೊದಲು ಮೇಲಿನ, ಕೆಳಗಿನ ಹಲ್ಲುಗಳಿಗೆ ಆರ್ಚ್ ಬಾರ್ ಎಂಬ ಲೋಹದ ಪಟ್ಟಿ ಕಟ್ಟಿ, ಹಲ್ಲು ಸರಿಯಾಗಿ ಕೂರಿಸಿ ತಂತಿಯಿಂದ ಬಿಗಿದೆ. ಆಮೇಲೆ ಪ್ಲೇಟ್. ಮೂಳೆ ಕಣ್ಣಿಗೆ ಸೇರಿದ ಹಾಗೆ ಕಂಡರೂ ಹಲ್ಲು ಕೂರದಿದ್ದರೆ ಸೇರಿಲ್ಲ ಅಂತಲೇ ಲೆಕ್ಕ. ಅಗಿಯುವಾಗ ಮುಂಭಾಗದ ಮೂಳೆ ತಿರುಚುತ್ತದೆ, ಹಾಗಾಗಿ ಅಲ್ಲಿ ಟೈಟಾನಿಯಂನ ಎರಡು ಚಿಕ್ಕ ಪ್ಲೇಟ್ ಹಾಕಿದೆ. ಕೀಲು ಹೆಚ್ಚು ಸರಿದಿರಲಿಲ್ಲ, ತೆರೆಯಲಿಲ್ಲ. ಆಪರೇಷನ್ ಮುಗಿದ ಮೇಲೆ ತಂತಿ ಬಿಚ್ಚಿ, ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಎರಡು ವಾರಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿದೆ. ಅದಕ್ಕಿಂತ ಜಾಸ್ತಿ ದಿನ ಕಟ್ಟಿಟ್ಟರೆ ಕೀಲು ಬಿಗಿದುಕೊಳ್ಳುವ ಭಯ. ವಾಂತಿ ಬಂದರೆ ಬ್ಯಾಂಡ್ ಕತ್ತರಿಸಲು ಒಂದು ಕತ್ತರಿ ಕೈಗಿಟ್ಟು ಕಳಿಸಿದೆ.

ಮೂರನೇ ವಾರ ಅವನು ಮತ್ತೆ ಬಂದ. ಬಾಯಲ್ಲಿ ಕೀವು, ಮೂಳೆ ಅಲುಗಾಡುತ್ತಿತ್ತು. ಬ್ಯಾಂಡ್ ಬಿಚ್ಚಿದ ನಾಲ್ಕನೇ ದಿನ ನೆಂಟರ ಮನೆಯಲ್ಲಿ ಊಟ ಮಾಡಿ ಅಡಿಕೆಯನ್ನೂ ಅಗಿದಿದ್ದ. ಚಿಕ್ಕ ಪ್ಲೇಟ್ ಮೂಳೆಯ ತುಂಡುಗಳನ್ನು ಜೊತೆಗಿಡುತ್ತದೆ ಅಷ್ಟೇ. ದವಡೆಹಲ್ಲಲ್ಲಿ ಬಲವಾಗಿ ಅಗಿಯುವ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಆ ಹೊತ್ತಿಗೆ ಮುರಿದ ಜಾಗದಲ್ಲಿ ಇರುವುದು ಇನ್ನೂ ಎಳೆಯ ಮೂಳೆ. ಅದು ಪದೇ ಪದೇ ಅಲುಗಿದರೆ ಗಟ್ಟಿಯಾಗುವುದಿಲ್ಲ, ಸ್ಕ್ರೂ ಸಡಿಲವಾಗುತ್ತದೆ, ಸೋಂಕು ಹತ್ತುತ್ತದೆ. ಮತ್ತೆ ತೆರೆದು, ಪ್ಲೇಟ್ ತೆಗೆದು, ತೊಳೆದು, ದಪ್ಪ ಪ್ಲೇಟ್ ಹಾಕಬೇಕಾಯಿತು.

ತಪ್ಪು ನನ್ನದೂ ಇತ್ತು. "ಆರು ವಾರ ಮೆತ್ತಗಿನದು ತಿನ್ನಿ" ಎಂದಷ್ಟೇ ಹೇಳಿದ್ದೆ. ನಮ್ಮ ಕಡೆ ಬಿಸಿ ಅಕ್ಕಿರೊಟ್ಟಿಯೂ ಮೆತ್ತಗೇ ಅಲ್ವಾ? ಈಗ ಹೇಳುವುದೇ ಬೇರೆ: ನಾಲಿಗೆಯಲ್ಲಿ ಅಂಗುಳಕ್ಕೆ ಒತ್ತಿದರೆ ಕರಗಬೇಕು, ಹಲ್ಲು ಬೇಕಾಗಬಾರದು. ಬ್ಯಾಂಡ್ ಇರುವಾಗ ರಾಗಿ ಅಂಬಲಿ, ತುಪ್ಪ ಹಾಕಿದ ಗಂಜಿ, ಬೇಳೆಕಟ್ಟು. ಆಮೇಲೆ ಕಿವುಚಿದ ಮೊಸರನ್ನ. ಮಿಕ್ಸಿಗೆ ನೀರಿನ ಬದಲು ಹಾಲು ಹಾಕಿ, ಇಲ್ಲದಿದ್ದರೆ ತೂಕ ಇಳಿಯುತ್ತದೆ.

ಎರಡನೇ ಸಲ ಮನೆಗೆ ಹೊರಡುವಾಗ ಅವನ ಅಮ್ಮ ಕೇಳಿದರು, "ಕಡುಬು ಕೊಡಬಹುದಾ ಡಾಕ್ಟ್ರೇ?" ಹಲ್ಲು ತಾಗಿಸದೆ ನೀವೇ ಒಮ್ಮೆ ತಿಂದು ನೋಡಿ ಅಮ್ಮಾ, ಎಂದೆ. ವಾರದ ನಂತರ ಬಂದವರು ತಾವೇ ಹೇಳಿದರು: "ಆಗಲಿಲ್ಲ. ಗಂಜಿಯೇ ಕೊಡ್ತಿದ್ದೀನಿ."