ಆಫರ್ ವಾಪಸಾದರೆ ಮೊದಲು ಹಳೇ ಆಫೀಸಿಗೆ ಮೇಲ್ ಮಾಡಿ

ಮಣಿಪಾಲದಲ್ಲಿ ಕೆಲಸದಲ್ಲಿದ್ದ ನನ್ನ ಚಿಕ್ಕಪ್ಪನ ಮಗಳಿಗೆ ಬೆಂಗಳೂರಿನ ಕಂಪನಿಯೊಂದು ಆಫರ್ ರದ್ದಾಗಿದೆ ಅಂತ ಫೋನ್ ಮಾಡಿತು. ಆಗಲೇ ರಾಜೀನಾಮೆ ಕೊಟ್ಟಾಗಿತ್ತು, ಪಿಜಿಗೆ ಅಡ್ವಾನ್ಸೂ ಕಟ್ಟಾಗಿತ್ತು.

ಅದೃಷ್ಟಕ್ಕೆ ನೋಟಿಸ್ ಪೀರಿಯಡ್ ಇನ್ನೂ ಮುಗಿದಿರಲಿಲ್ಲ. ಅದೇ ದಿನ ಮ್ಯಾನೇಜರ್ ಹತ್ರ ಮಾತಾಡಿ, "ರಾಜೀನಾಮೆ ವಾಪಸ್ ಪಡೆಯುತ್ತೇನೆ" ಅಂತ ಎಚ್‌ಆರ್‌ಗೆ ಮೇಲ್ ಹಾಕಿದಳು. ಅವರು ಒಪ್ಪಿಕೊಂಡರು. ಎಲ್ಲ ಕಡೆ ಒಪ್ಪಲ್ಲ. ಆದರೂ ಕೊನೆಯ ದಿನ ದಾಟುವ ಮೊದಲೇ ಕೇಳಬೇಕು. ಬೇರೆಯವರನ್ನು ತಗೊಂಡುಬಿಟ್ಟರೆ ಕಷ್ಟ.

ಹೊಸ ಕಂಪನಿ ಫೋನಲ್ಲಿ ಹೇಳಿದ್ದಷ್ಟೇ ಸಾಲದು, ಕಾರಣ ಸಮೇತ ಮೇಲ್‌ನಲ್ಲಿ ಕೇಳಿ. ಆಫರ್ ಲೆಟರ್, ನೀವು ಒಪ್ಪಿದ ಮೇಲ್, ಪಿಜಿ ರಸೀದಿ ಎಲ್ಲ ಜೋಪಾನ ಮಾಡಿ. ನೀವು ಒಪ್ಪಿದ ಆಫರ್ ಸಾಮಾನ್ಯವಾಗಿ ಒಪ್ಪಂದವೇ. 1872ರ ಕರಾರು ಕಾಯ್ದೆಯ ಸೆಕ್ಷನ್ 73ರಲ್ಲಿ ನಷ್ಟ ಪರಿಹಾರ ಕೇಳಬಹುದು. ಕೆಲಸವನ್ನೇ ಕೊಡಿ ಅಂತ ಕೋರ್ಟ್ ಹೇಳುವುದು ತೀರಾ ಅಪರೂಪ. ಪತ್ರದಲ್ಲಿ ರದ್ದು ಮಾಡುವ ಷರತ್ತಿದ್ದರೆ ಕೇಸ್ ಸಡಿಲವಾಗುತ್ತದೆ, ಅದನ್ನು ಮೊದಲು ಓದಿ. ನಷ್ಟ ಕಡಿಮೆ ಮಾಡಿಕೊಳ್ಳಲು ನೀವೇನು ಮಾಡಿದಿರಿ ಅನ್ನೋದನ್ನೂ ನೋಡುತ್ತಾರೆ. ಹಾಗಾಗಿ ಬೇರೆ ಕಡೆ ಅರ್ಜಿ ಹಾಕಿದ ಮೇಲ್‌ಗಳೂ ಸಾಕ್ಷಿಯೇ.

ಹಳೇ ಕೆಲಸವೂ ಕೈತಪ್ಪಿದರೆ ಪಿಎಫ್‌ಗೆ ಕೈ ಹಾಕುವ ಮೊದಲು ಪಿಜಿ ಅಡ್ವಾನ್ಸ್ ವಾಪಸ್ ಕೇಳಿ. ಇಎಂಐ ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ಮಾತಾಡಿ. ವಕೀಲರ ಫೀಸ್ ಹೊರೆ ಅನಿಸಿದರೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.