ಟೀಚರ್ ಬರೆದ ಪತ್ರವನ್ನು ಫಾರ್ಸಿಗೆ ತಂದದ್ದು

ಮೆಲ್ಬರ್ನ್‌ನ ಪ್ರಾಥಮಿಕ ಶಾಲೆಯೊಂದಕ್ಕೆ ನಾನು ಆಗಾಗ ಫಾರ್ಸಿ ಅನುವಾದ ಮಾಡಿಕೊಡುತ್ತೇನೆ. ಕಳೆದ ಸಲ ಬಂದದ್ದು ಮೂರನೇ ತರಗತಿಯ ಹುಡುಗಿಯೊಬ್ಬಳ ಪ್ರಗತಿ ಪತ್ರ. ಮನೆಯವರು ಇರಾನಿನಿಂದ ಬಂದವರು. ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಪುಟ: ಲೆಕ್ಕದಲ್ಲಿ ಚುರುಕು, ಓದು ಇನ್ನೂ ಎರಡನೇ ತರಗತಿಯ ಮಟ್ಟದಲ್ಲಿದೆ, ಹೆಚ್ಚು ಪ್ರಯತ್ನ ಬೇಕು, ನೀವು ದಿನಾ ರಾತ್ರಿ ಹದಿನೈದು ನಿಮಿಷ ಓದಿಸಬೇಕು, ಗುರುವಾರ ಬಂದು ನನ್ನನ್ನು ನೋಡಿ.

ಮೊದಲು ಸಂಬೋಧನೆ. ಟೀಚರ್ ತಂದೆ ತಾಯಿಯನ್ನು ಹೆಸರು ಹಿಡಿದೇ ಕರೆದಿದ್ದರು. ಅಲ್ಲಿ ಅದು ಸಲುಗೆ. ಫಾರ್ಸಿ ಪತ್ರದಲ್ಲಿ ಹಾಗೆ ಬರೆದರೆ ಅಗೌರವ. 'ಜನಾಬೆ ಆಗಾಯೆ' ಎಂದು ತಂದೆಯ ಮನೆತನದ ಹೆಸರು, 'ಸರ್ಕಾರೆ ಖಾನೊಮೆ' ಎಂದು ತಾಯಿಯದು. ಇರಾನಿನ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಶಾಲೆಗೆ ಫೋನ್ ಮಾಡಿ, ದಾಖಲಾತಿ ಅರ್ಜಿಯಲ್ಲಿ ತಾಯಿಯ ಹೆಸರು ಏನಿದೆ ಎಂದು ಕೇಳಿಕೊಂಡೆ. ಗಂಡನ ಹೆಸರನ್ನೇ ಅವರಿಗೂ ಅಂಟಿಸಿದ್ದರೆ ಮೊದಲ ಸಾಲೇ ತಪ್ಪುತ್ತಿತ್ತು. ಅದರ ಕೆಳಗೆ 'ಬಾ ಸಲಾಮ್ ವ ಎಹ್ತೆರಾಮ್', ಅಂದರೆ ನಮಸ್ಕಾರ ಮತ್ತು ಗೌರವಗಳೊಂದಿಗೆ.

'ತಿಳಿಸುತ್ತೇವೆ' ಅನ್ನುವುದಕ್ಕೆ ಫಾರ್ಸಿಯಲ್ಲಿ ಎರಡು ದಾರಿ. 'ಬೆ ಎತ್ತೆಲಾ ಮೀರಸಾನದ್' ಎಂದರೆ ಸರೀಕರಿಗೋ ಕೆಳಗಿನವರಿಗೋ ಹೊರಡಿಸಿದ ಸೂಚನೆಯ ದನಿ. 'ಬೆ ಎಸ್ತೆಹ್ಜಾರ್ ಮೀರಸಾನದ್' ಎಂದರೆ ತಮ್ಮ ಗಮನಕ್ಕೆ ತರುತ್ತಿದ್ದೇವೆ. ಎರಡನೆಯದನ್ನೇ ಬಳಸಿದೆ. 'ಬನ್ನಿ' ಅನ್ನುವಲ್ಲಿ 'ತಶ್ರೀಫ್ ಬಿಯಾವರೀದ್' ಎಂದು ಬರೆದೆ. ನಮ್ಮ 'ದಯಮಾಡಿಸಿ'ಯ ಹಾಗೆ, ಆದರೆ ಅದರಷ್ಟು ಹಳೆಯದಾಗಿ ಕೇಳಿಸುವುದಿಲ್ಲ. ಅಲ್ಲಿ ಅದು ದಿನನಿತ್ಯದ ಮಾತು.

ನಾನು ಎಡವಿದ್ದು ಓದಿನ ಸಾಲಿನಲ್ಲಿ. 'ಹೆಚ್ಚು ಪ್ರಯತ್ನ ಬೇಕು' ಎಂಬುದನ್ನು 'ನಿಯಾಜ಼್ ಬೆ ತಲಾಶೆ ಬೀಷ್ತರ್' ಎಂದು ಇದ್ದ ಹಾಗೇ ಇಳಿಸಿದೆ. ಪದಕ್ಕೆ ಪದ ಸರಿಯಾಗಿಯೇ ಇತ್ತು. ಕಳಿಸುವ ಮೊದಲು, ಇರಾನಿನಲ್ಲಿ ಪಾಠ ಹೇಳಿ ನಿವೃತ್ತರಾದ ಪರಿಚಯದ ಹಿರಿಯರೊಬ್ಬರಿಗೆ, ಹೆಸರುಗಳನ್ನು ತೆಗೆದು, ಓದಿ ಹೇಳಿದೆ. ಅವರು ಅಲ್ಲೇ ತಡೆದು, "ಅಯ್ಯೋ, ಮಗು ಫೇಲಾಯಿತೇ?" ಅಂದರು.

ಇರಾನಿನ ಪ್ರಾಥಮಿಕ ಶಾಲೆಗಳ ಅಂಕಪಟ್ಟಿಯಲ್ಲಿ ಅಂಕಿಗಳಿಲ್ಲ, ನಾಲ್ಕು ದರ್ಜೆಗಳಿವೆ: ಬಹಳ ಚೆನ್ನ, ಚೆನ್ನ, ಒಪ್ಪಬಹುದಾದದ್ದು, ಇನ್ನೂ ಕಲಿಕೆ ಮತ್ತು ಪ್ರಯತ್ನ ಬೇಕಾದದ್ದು. ನಾನು ಬರೆದ ಮಾತು ಈ ಕಟ್ಟಕಡೆಯ ದರ್ಜೆಯ ಹೆಸರಿನಂತೆಯೇ ಕೇಳಿಸುತ್ತಿತ್ತು. ಟೀಚರ್ ಹೇಳಬೇಕೆಂದಿದ್ದದ್ದು ಅದಲ್ಲವೇ ಅಲ್ಲ. 'ತಲಾಶ್' ತೆಗೆದು 'ತಮ್ರೀನ್', ಅಂದರೆ ಅಭ್ಯಾಸ, ಹಾಕಿದೆ: ಇಂಗ್ಲಿಷ್ ಓದಿಗೆ ಇನ್ನಷ್ಟು ಅಭ್ಯಾಸ ಬೇಕು. ಪ್ರಯತ್ನ ಸಾಲದು ಅಂದರೆ ಮಗು ಸೋಮಾರಿ ಎಂಬ ನೆರಳೂ ಬೀಳುತ್ತದೆ, ಅಭ್ಯಾಸ ಅಂದರೆ ಬೀಳುವುದಿಲ್ಲ. ಎರಡನೇ ತರಗತಿಯ ಮಟ್ಟ ಎಂಬ ಸಂಗತಿಯನ್ನು ಮಾತ್ರ ಮುಟ್ಟಲಿಲ್ಲ. ಮೃದು ಮಾಡುವ ಆಸೆಗೆ ಅದನ್ನು ಮಸುಕು ಮಾಡಿದ್ದರೆ ತಂದೆ ತಾಯಿಗೆ ಮೋಸ ಮಾಡಿದಂತೆ ಆಗುತ್ತಿತ್ತು.

ಹದಿನೈದು ನಿಮಿಷದ ಸಾಲಿನಲ್ಲಿ ಇದರ ತಿರುಗುಮುರುಗು ಆಯಿತು. 'ಷೊಮಾ ಬಾಯದ್', ಅಂದರೆ ನೀವು ಮಾಡಲೇಬೇಕು, ಬಹಳ ಒರಟು. ಮೊದಲು 'ಅಗರ್ ಬರಾಯೆತಾನ್ ಮಗ್ದೂರ್ ಬಾಷದ್', ತಮಗೆ ಸಾಧ್ಯವಾದರೆ, ಎಂದು ಬರೆದಿದ್ದೆ. ವಿನಯ ತುಂಬಿತ್ತು, ಆದರೆ ಓದಿಸದಿದ್ದರೂ ನಡೆಯುತ್ತದೆ ಎಂದೂ ಆಗುತ್ತಿತ್ತು. ಕೊನೆಗೆ ನಿಂತದ್ದು 'ಖಾಹೆಶ್ಮಂದ್ ಅಸ್ತ್', ವಿನಂತಿಸಲಾಗಿದೆ. ಗೌರವವೂ ಉಳಿಯಿತು, ಕೆಲಸ ಆಗಬೇಕು ಎಂಬುದೂ ಉಳಿಯಿತು.

ಇನ್ನೊಂದು ತೊಡಕು ಕನ್ನಡದವಳಾದ ನನಗೆ ಪ್ರತಿ ಸಲವೂ ಎದುರಾಗುತ್ತದೆ. ಫಾರ್ಸಿಯಲ್ಲಿ ಅವನು, ಅವಳು ಎರಡಕ್ಕೂ 'ಊ' ಒಂದೇ. ಪತ್ರದಲ್ಲಿ ಹುಡುಗಿಯ ಅಣ್ಣನ ಮಾತು ಬರುತ್ತದೆ: ಅವನು ಅವಳಿಗೆ ಸಹಾಯ ಮಾಡಬಹುದು. ಹಾಗೇ ಇಳಿಸಿದರೆ ಯಾರು ಯಾರಿಗೆ ಅಂತ ತಿಳಿಯುವುದೇ ಇಲ್ಲ. 'ಅಣ್ಣ' ಎಂದೂ ಹುಡುಗಿಯ ಹೆಸರನ್ನೂ ಬಿಡಿಸಿ ಬರೆದೆ. ಮನೆಯವರು ಅಫ್ಘಾನಿಸ್ತಾನದವರಾಗಿದ್ದರೆ ಶಾಲೆಗೆ 'ಮದ್ರೆಸೆ' ಬದಲು 'ಮಕ್ತಬ್' ಅನ್ನಬೇಕಿತ್ತು. ಅದಕ್ಕೇ ಯಾವ ದೇಶದವರು ಎಂದು ಮೊದಲೇ ಕೇಳುತ್ತೇನೆ.

ಮುಗಿದ ಮೇಲೆ ಫಾರ್ಸಿ ಪತ್ರವನ್ನು ಮೂಲ ನೋಡದೆ ಸಾಲು ಸಾಲಾಗಿ ಇಂಗ್ಲಿಷಿಗೆ ಮರಳಿಸಿ ಟೀಚರಿಗೆ ಕೊಟ್ಟೆ, ಸಹಿ ಅವರದಲ್ಲವೇ. 'ಪ್ರಯತ್ನ' ಎಲ್ಲಿ ಹೋಯಿತು ಎಂದು ಕೇಳಿದರು. ಆ ನಾಲ್ಕು ದರ್ಜೆಗಳ ವಿಷಯ ಹೇಳಿದೆ. ಪೆನ್ನು ತೆಗೆದು ತಮ್ಮ ಇಂಗ್ಲಿಷ್ ಪ್ರತಿಯಲ್ಲೂ 'ಅಭ್ಯಾಸ' ಎಂದು ತಿದ್ದಿ, ಎರಡಕ್ಕೂ ಸಹಿ ಹಾಕಿದರು.